ಆ ಮೂರು ಮಾರ್ಕ್ಸ್ ಹಾಕಿದ್ಮೇಲೆ ಟೀಚರಿಗೆ ನಿದ್ದೆ ಬರ್ಲಿಲ್ಲ

(ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ)

ಬೆಂಗಳೂರಿನ ಒಂದು ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸಿಗೆ ಮ್ಯಾಥ್ಸ್ ತಗೊಳೋ ಮೇಡಂ ನನ್ನ ಹತ್ರ ಸಲಹೆ ಕೇಳೋಕೆ ಬಂದಿದ್ರು. ಕ್ಲಾಸಲ್ಲಿ ಒಬ್ಬ ಹುಡುಗ, ಬೆಳಗಿನ ಜಾವ ಅಪ್ಪನ ಜೊತೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂವಿನ ಮೂಟೆ ಇಳಿಸಿ ಆಮೇಲೆ ಸ್ಕೂಲಿಗೆ ಬರ್ತಾನೆ, ಎರಡನೇ ಪೀರಿಯಡ್ಡಿಗೇ ತೂಕಡಿಸ್ತಾನೆ. 25 ಮಾರ್ಕ್ಸಿನ ಟೆಸ್ಟಲ್ಲಿ ಅವನಿಗೆ 10 ಕೊಟ್ಟಿದ್ರು, ಪಾಸಾಗೋಕೆ 9 ಸಾಕು. "ಅವನ ಮುಖ ನೋಡಿ ಕೊಟ್ಬಿಟ್ಟೆ ಮೇಡಂ, ತಪ್ಪಾ?" ಅಂದ್ರು. ಅದೇ ಟೆಸ್ಟಲ್ಲಿ 8 ತಗೊಂಡ ಹುಡುಗಿಯ ತಾಯಿ ಬಂದು ಒಂದೇ ಒಂದು ಮಾರ್ಕ್ ಕೇಳಿದಾಗ ಇವ್ರು ಆಗಲ್ಲ ಅಂದು ಕಳಿಸಿದ್ರಂತೆ, ನಿದ್ದೆ ಕೆಟ್ಟಿದ್ದು ಅವತ್ತಿಂದ.

ತಪ್ಪು ಸರಿ ಆಮೇಲೆ ನೋಡೋಣ, ಮೊದ್ಲು ಪೇಪರ್ ತನ್ನಿ ಅಂದೆ. ಹೆಸರಿರೋ ಕಡೆ ಮಡಚಿ, ಒಬ್ಬೊಬ್ಬರ ಪೇಪರ್ ಪೂರ್ತಿ ನೋಡೋ ಬದ್ಲು ಒಂದೊಂದೇ ಪ್ರಶ್ನೆ ತಗೊಂಡು ಎಲ್ಲಾ ಪೇಪರಲ್ಲೂ ಅದನ್ನೇ ತಿದ್ದೋಕೆ ಹೇಳ್ದೆ. ಹ್ಯಾಂಡ್‌ರೈಟಿಂಗ್ ಗೊತ್ತಾಗತ್ತೆ ನಿಜ, ಆದ್ರೂ ಪಕ್ಷಪಾತ ಸುಮಾರು ಕಡಿಮೆ ಆಗತ್ತೆ. ತ್ರಿಕೋನದ ಮೂರು ಬಾಹುಗಳಿಂದ ವಿಸ್ತೀರ್ಣ ಕಂಡುಹಿಡಿಯೋ ಹೀರಾನ್ ಸೂತ್ರದ ಮೂರು ಮಾರ್ಕ್ಸಿನ ಲೆಕ್ಕದಲ್ಲಿ ಆ ಪಕ್ಷಪಾತ ಸಿಕ್ಕಿಬಿತ್ತು: ಹುಡುಗ ಅರ್ಧ ಸುತ್ತಳತೆ ಕಂಡುಹಿಡಿದು ನಿಲ್ಲಿಸಿದ್ದ, ಅದಕ್ಕೆ ಎರಡು. ಹುಡುಗಿ ಸೂತ್ರದಲ್ಲಿ ಬೆಲೆ ಹಾಕೋವರೆಗೂ ಸರಿಯಾಗಿ ಬಂದು ವರ್ಗಮೂಲದಲ್ಲಿ ಎಡವಿದ್ಳು, ಅವಳಿಗೆ ಒಂದು. ಎಲ್ಲರಿಗೂ ಒಂದೇ ಸ್ಟೆಪ್ ಮಾರ್ಕ್ಸ್ ಹಿಡಿದಾಗ ಪೂರ್ತಿ ಟೆಸ್ಟಲ್ಲಿ ಅವನಿಗೆ 7, ಅವಳಿಗೆ 9.

ಇದಕ್ಕಿಂತ ನನಗೆ ಬೇಜಾರಾಗಿದ್ದು ಇನ್ನೊಂದು ವಿಷ್ಯ. ಆ ಸ್ಕೂಲಲ್ಲಿ 9ಕ್ಕಿಂತ ಕಡಿಮೆ ಬಂದವ್ರಿಗೆ ಸಂಜೆ ರೆಮಿಡಿಯಲ್ ಕ್ಲಾಸ್ ಇದೆ. ಮೇಡಂ ಕರುಣೆಯಿಂದ ಕೊಟ್ಟ ಮೂರು ಮಾರ್ಕ್ಸೇ ಹುಡುಗನ ಹೆಸರನ್ನ ಆ ಲಿಸ್ಟಿಂದ ತೆಗೆದುಹಾಕಿತ್ತು! ಪಾಪ, ಅವರಿಗದು ಹೊಳೆದೇ ಇರ್ಲಿಲ್ಲ.

ನಾನು ಹೇಳಿದ್ದಿಷ್ಟು. ಮಾರ್ಕ್ಸ್ ಅಂದ್ರೆ ಮಗುಗೆ ಏನು ಬರತ್ತೆ ಅನ್ನೋದರ ಲೆಕ್ಕ, ಅವನ ಕಷ್ಟಕ್ಕೆ ಸಹಾಯ ಮಾಡೋ ಜಾಗ ಅದಲ್ಲ. ಟೈಮ್ ಕೊಡಿ, ಇನ್ನೊಂದು ಚಾನ್ಸ್ ಕೊಡಿ, ಆದ್ರೆ ಆ ಚಾನ್ಸ್ ಅವನೊಬ್ಬನಿಗೇ ಅಲ್ಲ, ಪಾಸಾಗದೇ ಇದ್ದ ಎಲ್ಲರಿಗೂ ಮೊದಲೇ ಹೇಳಿ ರೀಟೆಸ್ಟ್ ಇಡಿ. ಎಚ್‌ಎಂ ಹತ್ರ ನೀವೇ ಹೋಗಿ ತಿದ್ದಿದ ಮಾರ್ಕ್ಸ್ ಎಂಟ್ರಿ ಮಾಡಿಸಿ. ಹುಡುಗನ್ನ ಎಲ್ಲರೆದುರು ಕರೀಬೇಡಿ, ಒಬ್ಬನೇ ಇದ್ದಾಗ ಪೇಪರ್ ತೋರಿಸಿ, "ಮೂರು ಮಾರ್ಕ್ಸ್ ನಾನು ಜಾಸ್ತಿ ಹಾಕಿದ್ದೆ ಕಣೋ, ಇಲ್ಲಿಂದ ನಿಂಗೆ ಬರ್ತಿಲ್ಲ, ಇದನ್ನ ಕಲಿಯೋಣ" ಅನ್ನಿ.

ಅವನ ಅಪ್ಪನ್ನೂ ಕರೆಸಿ ಮಾತಾಡಿ ಅಂದೆ. ಟೆಸ್ಟಿನ ಹಿಂದಿನ ದಿನ, ಟೆಸ್ಟ್ ದಿನ ಮಾತ್ರ ಮೂಟೆ ಕೆಲಸ ಬಿಡಿಸ್ತೀನಿ ಅಂತ ಅಪ್ಪ ಒಪ್ಪಿದಾರೆ, ಪೂರ್ತಿ ಬಿಡಿಸೋಕೆ ಆಗಲ್ಲ ಅಂತೆ. ರೀಟೆಸ್ಟಲ್ಲಿ ಹುಡುಗನಿಗೆ 8 ಬಂತು. ಮೇಡಂ ಈ ಸಲ 8 ಅಂತಲೇ ಬರೆದ್ರು, ಅವನು ಸಂಜೆ ಕ್ಲಾಸಿಗೆ ಬರ್ತಿದಾನೆ, ಅಲ್ಲೂ ಒಂದೊಂದ್ಸಲ ತೂಕಡಿಸ್ತಾನಂತೆ.