ಎಸ್‌ಎಸ್‌ಎಲ್‌ಸಿ ಗಣಿತಕ್ಕೆ ಯಾವ ಆ್ಯಪ್, ಯಾವ ವಿಡಿಯೊ ಸಾಕು?

ಪ್ರಶ್ನೆ: ಸಿಂಧನೂರಲ್ಲಿ ಓದ್ತಿದ್ದೀನಿ, ಕನ್ನಡ ಮಾಧ್ಯಮ. ಮೊಬೈಲ್ ತುಂಬಾ ಆ್ಯಪ್, ಚಾನೆಲ್ ಇವೆ. ಗಣಿತಕ್ಕೆ ಯಾವುದನ್ನ ಇಟ್ಕೊಳ್ಳಲಿ?

ಉತ್ತರ: ಮೂರೇ ಸಾಕು ತಮ್ಮಾ: ಪಠ್ಯಪುಸ್ತಕ, ಒಂದು ವಿಡಿಯೊ ಸರಣಿ, ಪರೀಕ್ಷಾ ಮಂಡಳಿಯ ಜಾಲತಾಣದ ಮಾದರಿ ಪ್ರಶ್ನೆಪತ್ರಿಕೆ. ಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ್ದೇ ಸಾಮಗ್ರಿ ಸಿಗುತ್ತದೆ. ಅಲ್ಲಿಂದ ಶುರು ಮಾಡು.

ವಿಡಿಯೊ ಸರಣಿಯನ್ನು ಪರೀಕ್ಷಿಸಿ ಆರಿಸು. ವರ್ಗ ಸಮೀಕರಣವನ್ನೇ ತಗೋ. x² − 5x + 6 = 0 ಲೆಕ್ಕದಲ್ಲಿ ಒಬ್ಬ ಮೇಷ್ಟ್ರು −5x ಅನ್ನು −2x − 3x ಎಂದು ಒಡೆಯುತ್ತಾರೆ. ಇನ್ನೊಬ್ಬರು ನೇರ ಸೂತ್ರ ಹಾಕುತ್ತಾರೆ. ಎರಡರಲ್ಲೂ ಉತ್ತರ 2 ಮತ್ತು 3. ಆದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ನೋಡಿದರೆ ಯಾವ ಹೆಜ್ಜೆಯೂ ಕೈಗೆ ಕೂರುವುದಿಲ್ಲ.

ಹಾಗಾಗಿ ಒಬ್ಬರ ಪಾಠ ಪೂರ್ತಿ ನೋಡಿ, ಫೋನ್ ಪಕ್ಕಕ್ಕಿಟ್ಟು, ಪುಸ್ತಕದ ಅಭ್ಯಾಸದಿಂದ ಐದು ಲೆಕ್ಕ ಬಿಡಿಸು. ನಾಲ್ಕು ಬಂದರೆ ಅವರನ್ನೇ ಇಟ್ಕೋ. ನೋಡುವಾಗ ಎಲ್ಲ ತಿಳಿದಂತಾಗಿ, ಪೆನ್ನು ಹಿಡಿದಾಗ ಮೊದಲ ಸಾಲೇ ಬರದಿದ್ದರೆ ಬೇರೆಯವರನ್ನು ನೋಡು. ವಿಡಿಯೊದಲ್ಲಿ ಹೇಳುವ ಅಭ್ಯಾಸದ ಸಂಖ್ಯೆ ನಿನ್ನ ಪುಸ್ತಕಕ್ಕೆ ಹೊಂದದಿದ್ದರೆ ಆ ವಿಡಿಯೊ ಹಳೇ ಪಠ್ಯಕ್ರಮದ್ದಿರಬಹುದು. ಆಯ್ಕೆಯಾದ ಮೇಲೆ ಅಧ್ಯಾಯ ಮುಗಿಯುವವರೆಗೆ ಬದಲಿಸಬೇಡ. ಒಂದೇ ಲೆಕ್ಕದಲ್ಲಿ ಸಿಕ್ಕಿಕೊಂಡರೆ ಅದಕ್ಕಷ್ಟೇ ಬೇರೆ ವಿಡಿಯೊ ಹುಡುಕು, ಇಲ್ಲವೇ ಶಾಲೆಯ ಮೇಷ್ಟ್ರನ್ನು ಕೇಳು.