ರೋಟವೇಟರ್ ಹಾಕಿದರೆ ಮಾತ್ರ ಇಂಜಿನ್ ಬಿಸಿ, ಥರ್ಮೋಸ್ಟಾಟ್ ತೆಗೆದರೂ ನಿಲ್ಲುತ್ತಿಲ್ಲ

«45 ಎಚ್‌ಪಿ ಟ್ರ್ಯಾಕ್ಟರ್. ರೋಡಲ್ಲಿ ಟ್ರೇಲರ್ ಎಳೆದರೆ ಏನೂ ಆಗಲ್ಲ, ರೋಟವೇಟರ್ ಹಾಕಿ ಮುಕ್ಕಾಲು ಗಂಟೆಗೆ ಮುಳ್ಳು ಕೆಂಪಿಗೆ ಹೋಗುತ್ತೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದು ಬಿಸಾಡಿದ, ಈಗ ಮೊದಲಿಗಿಂತ ಬೇಗ ಬಿಸಿಯಾಗ್ತಿದೆ. ಯಾಕೆ?»

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಅಣ್ಣ.

ನೀರು ಓಡುವ ದಾರಿ ನೋಡಿ, ಅರ್ಥವಾಗುತ್ತದೆ. ಬೆಲ್ಟ್‌ನಿಂದ ತಿರುಗುವ ಪಂಪು ರೇಡಿಯೇಟರ್‌ನ ಕೆಳಗಿನ ಹೋಸ್‌ನಿಂದ ನೀರು ಎಳೆದು ಬ್ಲಾಕ್‌ಗೆ ತಳ್ಳುತ್ತದೆ. ಲೈನರ್ ಸುತ್ತ, ಹೆಡ್ ಒಳಗೆ ಓಡಾಡಿ ಬಿಸಿಯಾದ ನೀರು ಮೇಲೆ ಥರ್ಮೋಸ್ಟಾಟ್ ಹತ್ತಿರ ಬರುತ್ತದೆ. ಅಲ್ಲಿಂದ ಎರಡು ದಾರಿ. ಒಂದು ರೇಡಿಯೇಟರ್‌ಗೆ, ಇನ್ನೊಂದು ಬೈಪಾಸ್, ಅಂದರೆ ತಣ್ಣಗಾಗದೆ ನೇರ ಪಂಪಿಗೆ ವಾಪಸ್. ಥರ್ಮೋಸ್ಟಾಟ್ ಒಳಗೆ ಮೇಣ ತುಂಬಿದ ಸಣ್ಣ ಡಬ್ಬಿ ಇರುತ್ತದೆ. ಸುಮಾರು 82 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ವಾಲ್ವನ್ನು ಎತ್ತಲು ಶುರು ಮಾಡುತ್ತದೆ, 95ರ ಆಸುಪಾಸು ಪೂರ್ತಿ ತೆರೆದುಕೊಳ್ಳುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ಇದೇ ವಾಲ್ವ್‌ನ ಕೆಳಗೆ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲೆ ತೆರೆದಷ್ಟೂ ಕೆಳಗೆ ಅದು ಬೈಪಾಸ್ ಮುಚ್ಚುತ್ತದೆ. ಪೂರ್ತಿ ತೆಗೆದುಬಿಟ್ಟರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ, ಕುದಿಯುವ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಮತ್ತೆ ಇಂಜಿನ್‌ಗೆ ಹೋಗುತ್ತದೆ. ನಿಮ್ಮದು ಈ ಜಾತಿಯದೇ ಇರಬೇಕು, ಇಲ್ಲದಿದ್ದರೆ ತೆಗೆದ ಮೇಲೆ ಬೇಗ ಬಿಸಿಯಾಗುತ್ತಿರಲಿಲ್ಲ.

ಮೇಲೆ ಒಬ್ಬರು «ಥರ್ಮೋಸ್ಟಾಟ್ ಚಳಿ ದೇಶಕ್ಕೆ ಮಾತ್ರ, ನಮಗೆ ಬೇಡ» ಅಂದಿದ್ದಾರೆ. ಅರ್ಧ ಸರಿ. ಬೈಪಾಸ್ ಮುಚ್ಚುವ ಬಿಲ್ಲೆ ಇಲ್ಲದ ಇಂಜಿನ್‌ಗಳಲ್ಲಿ ತೆಗೆದರೆ ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಇಂಜಿನ್ ತುಂಬ ಹೊತ್ತು ತಣ್ಣಗೇ ಓಡುತ್ತದೆ. ಡೀಸೆಲ್ ಪೂರ್ತಿ ಉರಿಯದೆ ಲೈನರ್ ಮೇಲೆ ಇಳಿದು ಆಯಿಲ್‌ಗೆ ಸೇರುತ್ತದೆ, ಲೈನರ್ ರಿಂಗ್ ಬೇಗ ಸವೆಯುತ್ತವೆ.

ಈಗ ಮೂಲ ರೋಗಕ್ಕೆ ಬರೋಣ. ರೋಡಲ್ಲಿ ಸರಿ, ಲೋಡಲ್ಲಿ ಬಿಸಿ, ಅಲ್ವಾ? ಟ್ರೇಲರ್ ಎಳೆಯುವಾಗ ಇಂಜಿನ್ ಪೂರ್ತಿ ದುಡಿಯುವುದು ಏರಿನಲ್ಲಿ ಮಾತ್ರ. ರೋಟವೇಟರ್‌ನಲ್ಲಿ ಬಿಡುವೇ ಇಲ್ಲ, ಗಾಡಿ ಓಡುವ ಗಾಳಿಯೂ ಇಲ್ಲ, ಎಲ್ಲ ಫ್ಯಾನ್ ಮೇಲೆ. ಹಾಗಾಗಿ ಮೊದಲು ಬಾನೆಟ್ ಎತ್ತಿ ರೇಡಿಯೇಟರ್ ಮುಂದಿನ ಮುಖ ನೋಡಿ. ಫ್ಯಾನ್ ಮುಂದಿನಿಂದ ಗಾಳಿ ಎಳೆಯುವುದರಿಂದ ಹೊಟ್ಟು, ಧೂಳು, ಹುಲ್ಲಿನ ಬೀಜ ಫಿನ್‌ಗಳ ನಡುವೆ ಸೇರಿ, ಆಯಿಲ್ ಜಿಡ್ಡು ಇದ್ದರೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತವೆ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬೆಳಕು ಕಾಣದ ಜಾಗ ಸತ್ತ ಜಾಗ. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಬಿಡಿ, ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಇಳಿಯುತ್ತದೆ. ಸರ್ವಿಸ್ ಸ್ಟೇಷನ್‌ನ ಪ್ರೆಶರ್ ವಾಟರ್ ಹತ್ತಿರದಿಂದ ಹೊಡೆಸಬೇಡಿ, ಫಿನ್ ಮಡಚಿಕೊಂಡು ಗಾಳಿ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಆಮೇಲೆ ಬೆಲ್ಟ್ ಮಧ್ಯ ಹೆಬ್ಬೆರಳಲ್ಲಿ ಒತ್ತಿ, ಹತ್ತು ಹನ್ನೆರಡು ಮಿಲಿಮೀಟರಿಗಿಂತ ಜಾಸ್ತಿ ಬಗ್ಗಿದರೆ ಫ್ಯಾನ್, ಪಂಪು ಎರಡೂ ಜಾರುತ್ತಿವೆ ಅಂತ.

ಫಿನ್ ಶುದ್ಧ ಇದ್ದೂ ಬಿಸಿಯಾದರೆ ಒಳಗಿನ ಕಥೆ. ಬೋರ್‌ವೆಲ್ ನೀರು ತುಂಬಿಸಿದ್ದೀರಾ? ಸುಣ್ಣ ಕಟ್ಟಿ ಟ್ಯೂಬುಗಳು ಸಣ್ಣಗಾಗಿರುತ್ತವೆ. ಕೆಂಪಿಗೆ ಬಂದಾಗ ರೋಟವೇಟರ್ ಎತ್ತಿ, ಪಿಟಿಒ ಬಿಟ್ಟು ಸ್ವಲ್ಪ ಹೊತ್ತು ಐಡಲ್‌ನಲ್ಲಿ ಓಡಿಸಿ ಆಫ್ ಮಾಡಿ, ಬಟ್ಟೆ ಸುತ್ತಿದ ಕೈಯಲ್ಲಿ ಎರಡೂ ಹೋಸ್ ಮುಟ್ಟಿ ನೋಡಿ. ಮೇಲಿನದೂ ಕೆಳಗಿನದೂ ಒಂದೇ ಬಿಸಿ ಇದ್ದರೆ ಗಾಳಿ ಸಾಲುತ್ತಿಲ್ಲ. ಮೇಲೆ ಸುಡುತ್ತ ಕೆಳಗೆ ತೀರಾ ತಣ್ಣಗಿದ್ದರೆ ನೀರು ಓಡುತ್ತಿಲ್ಲ, ಅಂದರೆ ಟ್ಯೂಬು ಅಥವಾ ಪಂಪು. ಪಂಪಿನ ಕೆಳಗೆ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಹಚ್ಚುವವರಿದ್ದಾರೆ, ಬೇರಿಂಗ್ ಹಾಳಾಗುತ್ತದೆ ಅಷ್ಟೇ.

«ನನ್ನ ಬೈಕೂ ಬಿಸಿಯಾಗುತ್ತೆ» ಅಂದ ತಮ್ಮ, ನಿನ್ನದು ಏರ್ ಕೂಲ್ಡ್, ಅದರಲ್ಲಿ ನೀರೇ ಇಲ್ಲ, ಬೇರೆ ಥ್ರೆಡ್ ಹಾಕು.

ರೇಡಿಯೇಟರ್ ಮುಚ್ಚಳ ಹಾಳಾದರೆ ನೀರು ಬೇಗ ಕುದಿಯುತ್ತದೆ ಅಂತ ಚಿಕ್ಕಮಗಳೂರಿನ ಅಕ್ಕ ಹೇಳಿದ್ದು ಸರಿಯೇ. ಒತ್ತಡ ಹಿಡಿದರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು ಅರ್ಧ ಬಾರ್‌ನ ಮುಚ್ಚಳ ಅದನ್ನು 110 ದಾಟಿಸುತ್ತದೆ. ರಬ್ಬರ್ ಒಡೆದ ಮುಚ್ಚಳ ಹೆಸರಿಗೆ ಮಾತ್ರ. ಅದರಿಂದ ನೀರು ಹೊರಚೆಲ್ಲುತ್ತದೆ, ಆದರೆ ಮುಳ್ಳು ಬೇಗ ಏರುವುದಕ್ಕೆ ಅದೊಂದೇ ಕಾರಣ ಅನ್ನುವುದನ್ನು ನಾನು ಒಪ್ಪಲ್ಲ. ಬಿಸಿ ಇದ್ದಾಗ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಮೊದಲು ಹೊಸ ಥರ್ಮೋಸ್ಟಾಟ್ ತನ್ನಿ, ನಿಮ್ಮ ಮಾಡೆಲ್ ನಂಬರ್ ಹೇಳಿಯೇ ತನ್ನಿ. ಹಾಕುವ ಮೊದಲು ಪಾತ್ರೆಯಲ್ಲಿ ನೀರಿಟ್ಟು, ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ, ತಳಕ್ಕೆ ತಾಗದಿರಲಿ. ಮೇಲೆ ಕೆತ್ತಿದ ಡಿಗ್ರಿ ಹತ್ತಿರ ಬಾಯಿ ಬಿಡಲು ಶುರುವಾದರೆ ಸರಿ. ರೇಡಿಯೇಟರ್ ತೊಳೆದು, ಇದನ್ನು ಹಾಕಿ, ಒಂದು ಗದ್ದೆ ಹೊಡೆದು ಹೇಳಿ. ಆಗಲೂ ಏರಿದರೆ, ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ನೀರಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದೆಯಾ ನೋಡಿ. ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಅದರ ಮಾತು ಬೇರೆ.