ಅಸಲಿ ಮಾಲಿನ ಮೇಲೂ ನಕಲಿ ಎಂಬ ದೂರು ಬಂದಾಗ

ಪ್ರಶ್ನೆ: ಶಿರಸಿಯ ಅಂಗಡಿಯಲ್ಲಿ ಬ್ರಾಂಡೆಡ್ ಮಿಕ್ಸರ್ ಕೊಂಡು ಆನ್‌ಲೈನ್‌ನಲ್ಲಿ ಮಾರುತ್ತೇನೆ. ನಕಲಿ ಎಂಬ ದೂರು ಬಂದಾಗ ಅಂಗಡಿಯ ಬಿಲ್ ಏಕೆ ಸಾಲುವುದಿಲ್ಲ?

ಉತ್ತರ: ನೀವು ಕೊಂಡದ್ದನ್ನು ಆ ಬಿಲ್ ತೋರಿಸುತ್ತದೆಯೇ ಹೊರತು, ಅಂಗಡಿಗೆ ಮಾಲು ಎಲ್ಲಿಂದ ಬಂತೆಂಬುದನ್ನು ತೋರಿಸುವುದಿಲ್ಲ. ದೂರು ಬಂದಾಗ ಮಾರುಕಟ್ಟೆ ತಾಣದವರು ಮುಖ್ಯವಾಗಿ ನೋಡುವುದು ಕಾಗದಗಳನ್ನು. ಆ ಕಾಗದಗಳ ಸರಪಳಿ ತಯಾರಕರವರೆಗೆ ಮುಟ್ಟಬೇಕು. ಆದ್ದರಿಂದ ಅಧಿಕೃತ ವಿತರಕರಿಂದಲೇ ಖರೀದಿಸಿ, ನಿಮ್ಮ ನೋಂದಾಯಿತ ಹೆಸರು, ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆ ಇರುವ ತೆರಿಗೆ ಬಿಲ್ ಪಡೆಯಿರಿ.

ನೀವು 30 ಮಿಕ್ಸರ್ ಮಾರಿದ್ದು, ಹುಬ್ಬಳ್ಳಿಯ ವಿತರಕರ ಬಿಲ್ಲಿನಲ್ಲಿ 12 ಮಾತ್ರ ಇವೆ ಎನ್ನೋಣ. ಉಳಿದ 18 ಅಸಲಿಯೇ ಆಗಿದ್ದರೂ ಅವುಗಳ ಮೂಲಕ್ಕೆ ಆಧಾರವಿಲ್ಲ. ಬಿಲ್ಲಿನ ದಿನಾಂಕ ಮಾರಾಟಕ್ಕಿಂತ ಹಿಂದಿನದಾಗಿರಬೇಕು, ಮಾದರಿ ಸಂಖ್ಯೆ ಲಿಸ್ಟಿಂಗ್‌ಗೆ ಹೊಂದಬೇಕು. ಬಿಲ್ಲನ್ನು ತಿದ್ದಿ ಸರಿಹೊಂದಿಸಲು ದಯವಿಟ್ಟು ಹೋಗಬೇಡಿ. ತಾಣದವರು ವಿತರಕರಿಗೆ ಫೋನ್ ಮಾಡಿ ವಿಚಾರಿಸಿದರೆ ತಿದ್ದಿದ್ದು ಬಯಲಾಗಿ ನಿಮ್ಮ ಮಾರಾಟದ ಖಾತೆಯೇ ಕೈತಪ್ಪಬಹುದು.

ಬ್ರಾಂಡ್ ಅನುಮತಿ ಬೇರೆಯೇ ವಿಷಯ. ಕ್ರಮಬದ್ಧವಾಗಿ ಕೊಂಡ ಮಾಲನ್ನು ಸ್ಥಿತಿ ಕೆಡಿಸದೆ ಮರುಮಾರಾಟ ಮಾಡುವುದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಕಲಮಿನಲ್ಲಿ ರಕ್ಷಣೆಯಿದೆ. ಆದರೂ ತಾಣವು ತನ್ನ ಒಪ್ಪಂದದ ಪ್ರಕಾರ ಟ್ರೇಡ್ ಮಾರ್ಕ್ ಮಾಲೀಕರ ಪತ್ರ ಕೇಳಬಹುದು. ವಿತರಕರೇ ಪತ್ರ ಕೊಡುವುದಾದರೆ, ಹಾಗೆ ಕೊಡುವ ಅಧಿಕಾರ ಅವರಿಗಿದೆ ಎಂಬ ಮಾಲೀಕರ ಪತ್ರವನ್ನೂ ಜೊತೆಗೆ ಪಡೆಯಿರಿ. ಆ ಪತ್ರದಲ್ಲಿ ಆನ್‌ಲೈನ್ ಮಾರಾಟದ ಉಲ್ಲೇಖ ಮತ್ತು ಅವಧಿ ಸ್ಪಷ್ಟವಾಗಿರಲಿ, ಮತ್ತು ಅದು ಕೈಸೇರಿದ ಬಳಿಕವೇ ಮಾಲಿಗೆ ಹಣ ಕಟ್ಟಿ.